ಗೇಟ್ ಪಾಸ್‌ಗೆ ಮಾತ್ರ

ಹೊಸಪೇಟೆಯ ತಾಲ್ಲೂಕು ಕಚೇರಿ ಹಿಂದಿನ ಓಣಿಯಲ್ಲಿ ಕಾವ್ಯಳ ಝೆರಾಕ್ಸ್ ಅಂಗಡಿ. ಅಲ್ಲಿಗೆ ಕಾರ್ಡು ಹಿಡಿದು ಬಂದವರು ದೊರೆಯಾದರೂ ಸರಿ, ದನ ಕಾಯುವವನಾದರೂ ಸರಿ, ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು.

"ಯಾತಕ್ಕ ಬೇಕ್ರಿ ಇದು? ಯಾರಿಗೆ ಕೊಡ್ತೀರಿ?"

"ನಿನಗ್ಯಾಕವ್ವ ಅದು? ಒತ್ತು, ಕೊಡು" ಎಂದು ಸಿಡುಕುವವರಿದ್ದರು. ಕಾವ್ಯ ಒತ್ತುತ್ತಿರಲಿಲ್ಲ. ಉತ್ತರ ಬಂದ ಮೇಲೆ ಕಾರ್ಡನ್ನು ಸ್ಕ್ಯಾನ್ ಮಾಡಿ, ಅದರ ಮೇಲೆ ಅಡ್ಡಡ್ಡಲಾಗಿ, ಫೋಟೋದ ಕೆನ್ನೆಯಿಂದ ಹೆಸರು, ನಂಬರಿನ ಮೇಲೆ ಹಾಯುವಂತೆ ಒಂದು ತೆಳು ಬೂದು ಸಾಲು ಹಾಕುತ್ತಿದ್ದಳು. ಇಂಥ ಕೆಲಸಕ್ಕೆ ಮಾತ್ರ, ಇಂಥವರಿಗೆ, ಇಂಥ ದಿನ. ಮುಖ ಗುರುತು ಸಿಗಬೇಕು, ನಂಬರು ಓದಲು ಬರಬೇಕು, ಸಾಲೂ ಕಾಣಬೇಕು. ಅಷ್ಟು ಹದ ಬರುವವರೆಗೆ ಮೌಸ್ ಬಿಡುತ್ತಿರಲಿಲ್ಲ. ಸಾಲು ಕನ್ನಡದಲ್ಲೇ ಇರಬೇಕು, ಯಾಕೆಂದರೆ ಕಾರ್ಡಿನವರಿಗೆ ಓದಲು ಬರಬೇಕಲ್ಲ.

"ಇದು ಹಾಕಿದ್ರ ಕಳ್ಳರು ಬಿಡ್ತಾರೇನು?" ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧವಿತ್ತು.

"ಬಿಡಂಗಿಲ್ಲ. ಕರುವಿನ ಕೊಳ್ಳಾಗ ಗಂಟಿ ಕಟ್ಟಿದ್ರ ಮೇಯೋದು ಬಿಡ್ತದೇನು? ಆದರ ಯಾರ ಹೊಲದಾಗ ಸಿಕ್ಕರೂ ಯಾರ ಹಟ್ಟಿಯಿಂದ ಬಂತು ಅಂತ ಗೊತ್ತಾಗ್ತದ."

ಮೂವತ್ತೈದು ದಾಟಿದ ಕಾವ್ಯ ಮದುವೆಯಾಗಿರಲಿಲ್ಲ. ಅಣ್ಣ ಬಸವಕುಮಾರನ ಮನೆಯಲ್ಲಿದ್ದಳು. ಅಪ್ಪ ತೀರಿಹೋದ ವರ್ಷ ಈ ಅಂಗಡಿ ಹಾಕಿಕೊಟ್ಟವನು ಅವನೇ. ಮೊದಲ ಪ್ರಿಂಟರನ್ನು ಹೆಗಲ ಮೇಲೆ ಹೊತ್ತು ತಂದು, "ಇನ್ನ ನೀನು ಯಾರ ಕೈ ಕೆಳಗೂ ಇರಬ್ಯಾಡ" ಎಂದಿದ್ದ. ಆ ಮಾತನ್ನು ಅವಳು ಒಂದು ದಿನವೂ ಮರೆತಿರಲಿಲ್ಲ. ಅತ್ತಿಗೆ ಗಂಗಾಂಬಿಕಾ ದಿನಾ ಮಧ್ಯಾಹ್ನ ಒಂದಕ್ಕೆ ರೊಟ್ಟಿ, ಪಲ್ಯ, ಒಂದಿಷ್ಟು ಶೇಂಗಾ ಚಟ್ನಿ ತುಂಬಿದ ಡಬ್ಬಿ ತಂದಿಟ್ಟು ನಿನ್ನೆಯ ಖಾಲಿ ಡಬ್ಬಿ ಒಯ್ಯುತ್ತಿದ್ದಳು. ನಾದಿನಿ ಬಿಸಿ ಉಣ್ಣಬೇಕು ಎಂಬುದು ಅವಳ ಹಟ.

ಬಸವಕುಮಾರನಿಗೆ ಸಂಡೂರಿನ ಒಂದು ಮ್ಯಾನ್‌ಪವರ್ ಏಜೆನ್ಸಿಯಲ್ಲಿ ಕೆಲಸ. ಗಣಿಗೆ, ಅದಿರಿನ ಯಾರ್ಡಿಗೆ ಆಳುಗಳನ್ನು ಕೊಡುವ ಏಜೆನ್ಸಿ ಅದು. ಹೊಸದಾಗಿ ಸೇರುವವರ ಕಾಗದ ಕೂಡಿಸಿ ಕೊಡುವುದು ಅವನ ಪಾಲಿನ ಕೆಲಸ. ಜನರನ್ನು ತಂಗಿಯ ಅಂಗಡಿಗೇ ಕಳಿಸುತ್ತಿದ್ದ. ಅವಳು ಸಾಲು ಹಾಕಿದ ಪ್ರತಿಯನ್ನು ಅವನ ವಾಟ್ಸಾಪಿಗೆ ಕಳಿಸಿ, ತನ್ನ ಕಂಪ್ಯೂಟರಿನಲ್ಲಿದ್ದದ್ದನ್ನು ಗಿರಾಕಿಯ ಎದುರೇ ಅಳಿಸುತ್ತಿದ್ದಳು.

"ಸಾಲು ಕೆಳಗ ಹಾಕು, ತಂಗಿ. ಮುಖದ ಮ್ಯಾಲೆ ಯಾಕ? ನಮ್ಮ ಮ್ಯಾನೇಜರು ಬೈತಾನ" ಎಂದು ಅಣ್ಣ ಹಲವು ಸಲ ಹೇಳಿದ್ದ.

"ಕೆಳಗ ಹಾಕಿದ್ರ ಕತ್ತರಿ ಹಾಕ್ತಾರಣ್ಣ. ಮುಖ ಕತ್ತರಿಸಿದ್ರ ಕಾರ್ಡ ಉಳಿಯಂಗಿಲ್ಲ" ಎಂದು ಅವಳು ನಗುತ್ತಿದ್ದಳು. ಪಾಪ, ಕತ್ತರಿ ಯಾರ ಕೈಯಲ್ಲಿದೆ ಎಂದು ಅವಳಿಗೇನು ಗೊತ್ತು?

ಫೆಬ್ರುವರಿಯಲ್ಲಿ ಹೊಳೆಮ್ಮನ ಮಗಳು ಸುಷ್ಮಿತಾ ಬಂದಿದ್ದಳು. ಯಾರ್ಡಿನ ವೇಬ್ರಿಜ್‌ನಲ್ಲಿ ಲಾರಿಗಳ ತೂಕ ಬರೆದುಕೊಳ್ಳುವ ಕೆಲಸಕ್ಕೆ ಗೇಟ್ ಪಾಸ್ ಬೇಕಿತ್ತು. ಮನೆಯಲ್ಲಿ ಮೊದಲ ಬಾರಿಗೆ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಕ್ಕಿದ ಹುಡುಗಿ. ತನ್ನ ವೋಟರ್ ಕಾರ್ಡಿನ ಮೇಲೆ ಬಂದ ಸಾಲನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದ್ದಳು. ಏಪ್ರಿಲ್‌ನಲ್ಲಿ ಕಂಪ್ಲಿಯ ಪ್ರವೀಣನ ಜೊತೆ ನಿಶ್ಚಿತಾರ್ಥವಾಯಿತು. ಹುಡುಗ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ಹೊಳೆಮ್ಮ ಅಂಗಡಿಗೆ ಬಂದು ಕಾವ್ಯಳ ಕೈಗೆ ಸಕ್ಕರೆ ಹಾಕಿ ಹೋಗಿದ್ದಳು.

ಮೇ ತಿಂಗಳ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುನ್ನವೇ ತಾಯಿ ಮಗಳು ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಹೊಳೆಮ್ಮನ ಕಣ್ಣುಗಳು ಬಾತಿದ್ದವು. ಸುಷ್ಮಿತಾ ಅಳುತ್ತಿರಲಿಲ್ಲ. ಅದನ್ನು ನೋಡಿಯೇ ಕಾವ್ಯಳಿಗೆ ಹೆಚ್ಚು ಭಯವಾಯಿತು.

"ಸಂಬಂಧ ಮುರೀತವ್ವ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ" ಎಂದಳು ಹೊಳೆಮ್ಮ.

ಹಂಪಿಗೆ ಹೋಗುವ ದಾರಿಯಲ್ಲಿನ ಒಂದು ಲಾಡ್ಜಿನಲ್ಲಿ ಸುಷ್ಮಿತಾ ಯಾರೋ ಗಂಡಸಿನ ಜೊತೆ ಒಂದು ಹಗಲು ಕಳೆದಿದ್ದಾಳಂತೆ. ಹುಡುಗನ ಸೋದರಮಾವ ದುರುಗೇಶನಿಗೆ ಆ ಲಾಡ್ಜಿನ ಮ್ಯಾನೇಜರು ಪರಿಚಯ. ಹರಟೆಯ ನಡುವೆ ರಿಜಿಸ್ಟರು ತೆಗೆದಾಗ ಹೆಸರು ಸಿಕ್ಕಿತಂತೆ, ಜೊತೆಗೆ ಕಾರ್ಡಿನ ಪ್ರತಿ. ಅದರ ಫೋಟೋ ಕಂಪ್ಲಿಯ ಬೀಗರ ಮನೆಯಲ್ಲಿ ಕೈಯಿಂದ ಕೈಗೆ ಓಡಾಡಿತ್ತು.

"ಅವತ್ತು ವಾರದ ರಜಾ. ಮನ್ಯಾಗ ಬಟ್ಟಿ ಒಗೀತಿದ್ದೆ" ಎಂದಳು ಸುಷ್ಮಿತಾ. "ಅವ್ವ ಬಿಟ್ರ ನೋಡಿದವರಿಲ್ಲ. ಅವ್ವನ ಮಾತು ಯಾರು ನಂಬ್ತಾರ? ಅಕ್ಕಾ, ಇದನ್ನ ನೋಡ್ರಿ."

ಫೋನಿನಲ್ಲಿ ಕಾರ್ಡಿನ ಚಿತ್ರವಿತ್ತು. ಯಾರೋ ಸಾಲನ್ನು ಅಳಿಸಲು ನೋಡಿದ್ದರು. ಹಿನ್ನೆಲೆಯ ಮೇಲಿದ್ದ ಅಕ್ಷರಗಳೆಲ್ಲ ಹೋಗಿದ್ದವು. ಮುಖದ ಮೇಲಿನದನ್ನು ಅಳಿಸಿದರೆ ಮುಖವೇ ಕೆಡುತ್ತದೆಂದು ಬಿಟ್ಟಿದ್ದರು. ಚಿತ್ರವನ್ನು ದೊಡ್ಡದು ಮಾಡಿದರೆ ಕೆನ್ನೆಯ ಮೇಲೆ ಮಸುಕಾಗಿ ಓದಲು ಬರುತ್ತಿತ್ತು: 'ಗೇಟ್ ಪಾಸ್‌ಗೆ ಮಾ'.

"ನಿಮ್ಮ ಸಾಲು ಅಲ್ಲೇನ್ರಿ ಇದು? ಏಜೆನ್ಸಿಗೆ ಬಿಟ್ರ ಬ್ಯಾರೆ ಯಾರಿಗೂ ನಾನು ಇದನ್ನ ಕೊಟ್ಟಿಲ್ಲ. ಕಂಪ್ಲಿಯವರಿಗೆ ಹೇಳಿದ್ರ, ಅದೇನೋ ಕಲೆ ಬಿದ್ದದ ಅಂತಾರ. ನೀವು ಒಂದು ಮಾತು ಹೇಳಿದ್ರ ನಂಬ್ತಾರ."

ಕಾವ್ಯ ತನ್ನ ಫೋನು ತೆಗೆದು ಅಣ್ಣನ ವಾಟ್ಸಾಪಿನಲ್ಲಿ ಫೆಬ್ರುವರಿಯವರೆಗೆ ಹಿಂದಕ್ಕೆ ಹೋದಳು. ಹನ್ನೆರಡನೇ ತಾರೀಖು, ಸುಷ್ಮಿತಾಳ ಕಾರ್ಡು, ಪೂರ್ತಿ ಸಾಲಿನೊಂದಿಗೆ. ಅಕ್ಷರದ ಓರೆ, ಕೆನ್ನೆಯ ಮೇಲೆ ಅದು ಬಿದ್ದ ಜಾಗ ಎಲ್ಲ ಒಂದೇ. ಈ ಪ್ರತಿಯನ್ನು ಅವಳು ಕಳಿಸಿದ್ದು ಒಬ್ಬನಿಗೇ.

"ಸಂಜೀಗೆ ಹೇಳ್ತೀನಿ" ಎಂದಷ್ಟೇ ಹೇಳಿ ಅವರನ್ನು ಕಳಿಸಿದಳು.

ಮಧ್ಯಾಹ್ನ ಅಣ್ಣ ಅಂಗಡಿಗೆ ಬಂದ. ಅವಳೇ ಕರೆದಿದ್ದಳು. ಎರಡೂ ಚಿತ್ರ ತೋರಿಸಿದಳು. ಅವನು ಮೊದಲು ಏಜೆನ್ಸಿಯಲ್ಲಿ ಹತ್ತು ಕೈ ಇವೆ ಅಂದ, ಫೋನು ಯಾರೋ ತಗೊಂಡಿರಬೇಕು ಅಂದ. ಅವಳು ಕೆನ್ನೆಯ ಮೇಲಿನ ಅಕ್ಷರಗಳನ್ನು ದೊಡ್ಡದು ಮಾಡಿ ಅವನ ಮುಂದೆ ಹಿಡಿದಳು. ಅವನ ದನಿ ಇಳಿಯಿತು.

"ನನ್ನ ಜೋಡಿ ಬಂದಾಕಿ ಹೆಸರು ಬರಬಾರದಿತ್ತು. ಅಕಿಗೂ ಮನಿ ಐತಿ, ಮಕ್ಕಳದಾರ. ಲಾಡ್ಜಿನಾಗ ಇಬ್ಬರದೂ ಕಾರ್ಡ ಕೇಳಿದ್ರು. ಫೋನಿನಾಗ ಇದ್ದ ಎರಡನ್ನ ಸಾಲು ಅಳಿಸಿ ಕೊಟ್ಟೆ. ಗಂಡಸಿನದು ಒಬ್ಬ ಡ್ರೈವರಂದು. ಯಾರು ನೋಡ್ತಾರ ಅಂದ್ಕೊಂಡೆ."

"ಆ ಹುಡುಗಿ ಹೆಸರು ಹೋತಲ್ಲಣ್ಣ."

"ಆ ಮೆಸೇಜ್ ಅಳಿಸಿಬಿಡು, ತಂಗಿ. ನಿಮ್ಮ ಅತ್ತಿಗಿಗೆ ಗೊತ್ತಾದ್ರ ಸಾಯ್ತಾಳ. ಈ ಅಂಗಡಿ ನಿನಗ ಹಾಕಿಕೊಟ್ಟವ ನಾನು. ಎಂದಾದ್ರೂ ಏನಾದ್ರೂ ಕೇಳೀನೇನು?"

ಕೇಳಿರಲಿಲ್ಲ. ಅದು ನಿಜ. ಅವಳು ಮೆಸೇಜಿನ ಮೇಲೆ ಬೆರಳಿಟ್ಟಳು. ಅಳಿಸು ಎಂಬ ಗುರುತು ಮೇಲೆದ್ದು ಬಂತು. ಪ್ರಿಂಟರು ಹೊತ್ತು ತಂದ ದಿನ ಅಣ್ಣನ ಅಂಗಿ ಬೆವರಿಗೆ ಬೆನ್ನಿಗಂಟಿದ್ದು ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಸುಷ್ಮಿತಾ ಸಾಲನ್ನು ಅಮ್ಮನಿಗೆ ಓದಿ ಹೇಳಿದ್ದೂ ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಆ ಬೇಲಿಯನ್ನು ತೋರಿಸಿ ಜನರನ್ನು ನಂಬಿಸಿದವಳು ತಾನೇ ಅಲ್ಲವೇ? ಬೆರಳು ತೆಗೆದಳು.

"ಕಂಪ್ಲಿಗೆ ನೀನ ಹೋಗಿ ಹೇಳಣ್ಣ. ನೀನು ಹೇಳಿದ್ರ ನಾನು ಹೋಗಂಗಿಲ್ಲ."

ಅವನು ಹೇಳುತ್ತೇನೆ ಎನ್ನಲಿಲ್ಲ. ಎದ್ದು ಹೋದ.

ಮರುದಿನ ಕಾವ್ಯ ಎರಡೂ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ತೆಗೆದು, ತಾಯಿ ಮಗಳ ಜೊತೆ ಕಂಪ್ಲಿಯ ಬಸ್ಸು ಹತ್ತಿದಳು. ಪ್ರವೀಣನ ಮನೆಯ ಪಡಸಾಲೆಯಲ್ಲಿ ಹಾಳೆಗಳನ್ನು ಪಕ್ಕಪಕ್ಕ ಹಾಸಿ, ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದಳು. ದುರುಗೇಶ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಹೌದ್ರಿ, ಎರಡೂ ಒಂದ. ಏಜೆನ್ಸಿಯಿಂದ ಹೋಗೇತಿ ಇದು. ಆದರ ಯಾರ ಕೈಯಿಂದ?"

ಬಸ್ಸಿನುದ್ದಕ್ಕೂ ಕಾವ್ಯ ಈ ಪ್ರಶ್ನೆಗೆ ಹೆದರಿಕೊಂಡೇ ಬಂದಿದ್ದಳು. ದಿನಾ ಪ್ರಶ್ನೆ ಕೇಳುವವಳಿಗೆ ಉತ್ತರ ಕೊಡುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

"ನಮ್ಮ ಅಣ್ಣನ ಕೈಯಿಂದ್ರಿ" ಎಂದಳು.

ಹುಡುಗನ ತಾಯಿ ಲಕ್ಷ್ಮೀ ಒಳಗೆ ಹೋಗಿ ನೀರು ತಂದು ಸುಷ್ಮಿತಾಳ ಮುಂದಿಟ್ಟಳು. "ತಪ್ಪಾತವ್ವ ನಮ್ಮಿಂದ. ಮದುವಿ ಅಂದ್ಕೊಂಡಂಗ ನಡಸೋಣ" ಎಂದಳು. ಪ್ರವೀಣ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದ.

ಸುಷ್ಮಿತಾ ನೀರು ಮುಟ್ಟಲಿಲ್ಲ. "ಒಂದು ಕಾಗದ ನೋಡಿ ಬ್ಯಾಡ ಅಂದ್ರಿ, ಇನ್ನೊಂದು ಕಾಗದ ನೋಡಿ ಬಾ ಅಂತೀರಿ. ನಡುವ ಮದುವಿ ಆಗೋ ಇವರು ನನಗೊಂದು ಫೋನ್ ಮಾಡಿ ಕೇಳಲಿಲ್ಲ. ನನ್ನ ಹೆಸರು ತಿರುಗಿ ಕೊಟ್ರಿ, ಸಾಕ್ರಿ" ಎಂದು ಎದ್ದಳು. ಹೊಳೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಗಳ ಹಿಂದೆ ನಡೆದಳು.

ಸುಷ್ಮಿತಾ ಏಜೆನ್ಸಿಗೂ ದೂರು ಬರೆದುಕೊಟ್ಟಳು. ಬಸವಕುಮಾರನ ಕೆಲಸ ಹೋಯಿತು. ಅದಕ್ಕೆ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಗಂಗಾಂಬಿಕಾ ಕೂಗಾಡಲಿಲ್ಲ, ಯಾರೊಡನೆಯೂ ಮಾತಾಡಲೂ ಇಲ್ಲ. ಆದರೂ ಮಧ್ಯಾಹ್ನ ಒಂದಕ್ಕೆ ಡಬ್ಬಿ ಬರುತ್ತಿತ್ತು. ಕಾವ್ಯ ಅದನ್ನು ಅಳುತ್ತಲೇ ಉಣ್ಣುತ್ತಿದ್ದಳು.

ಜೂನಿನ ಮೊದಲ ಮಂಗಳವಾರ ಅತ್ತಿಗೆ ಒಂದು ಗಂಟೆಗೇ ಬಂದಳು. ಕೈಯಲ್ಲಿ ಬಟ್ಟೆಯ ಬ್ಯಾಗು. ತನ್ನ ವೋಟರ್ ಕಾರ್ಡು ತೆಗೆದು ಗಾಜಿನ ಮೇಲಿಟ್ಟಳು. ಕಾವ್ಯ ಅದನ್ನು ತೆಗೆದುಕೊಂಡು ಸ್ಕ್ಯಾನ್ ಮಾಡಿದಳು. ಆಮೇಲೆ ಪರದೆಯ ಮೇಲೆ ಮೌಸ್ ಆಡಿಸುತ್ತ ಕೂತಳು.

"ಯಾತಕ್ಕ ಅಂತ ಕೇಳಂಗಿಲ್ಲೇನು?" ಎಂದಳು ಗಂಗಾಂಬಿಕಾ.

"ಬ್ಯಾಡ, ಅತ್ತಿಗಿ."

"ಎಲ್ಲರಿಗೂ ಕೇಳ್ತಿ. ನನಗೂ ಕೇಳು."

"ಯಾತಕ್ಕ ಬೇಕು?"

"ವಕೀಲರಿಗೆ ಕೊಡಬೇಕು. ನಿಮ್ಮ ಅಣ್ಣನಿಂದ ಬಿಡುಗಡಿ ಕೇಳಾಕ."

ಕಾವ್ಯ ಒಂದೊಂದೇ ಅಕ್ಷರ ಒತ್ತಿದಳು. 'ವಿಚ್ಛೇದನದ ಅರ್ಜಿಗೆ ಮಾತ್ರ', ತಾರೀಖು. ಮುಖದ ಮೇಲೆ ಹಾಕಲು ಮನಸ್ಸು ಬಾರದೆ ಸಾಲನ್ನು ಕೆಳಗೆ ಸರಿಸಿದಳು.

"ಮುಖದ ಮ್ಯಾಲೆ ಹಾಕು" ಎಂದಳು ಅತ್ತಿಗೆ. "ನೀನು ಮಾಡಿದ್ದು ತಪ್ಪಲ್ಲ. ನಾನು ನಿನ್ನ ಮ್ಯಾಲೆ ಸಿಟ್ಟಾಗಿಲ್ಲ. ಆದರ ಅಲ್ಲಿ ಇರಾಕ ಆಗಂಗಿಲ್ಲ, ಕಾವ್ಯ."

ಕಾವ್ಯ ಸಾಲನ್ನು ಮೇಲಕ್ಕೆ ತಂದಳು. ಹಾಳೆ ಹೊರಬಂತು. ಗಂಗಾಂಬಿಕಾ ಅದನ್ನು ಓದಿ, ಮಡಚಿ ಬ್ಯಾಗಿಗೆ ಹಾಕಿಕೊಂಡಳು. ತವರೂರು ಚೋರನೂರಿನ ಬಸ್ಸಿಗೆ ಹೊತ್ತಾಯಿತೆಂದಳು. ಹೋಗುವಾಗ ಅಭ್ಯಾಸದಂತೆ ನಿನ್ನೆಯ ಖಾಲಿ ಡಬ್ಬಿಯನ್ನು ಎತ್ತಿಕೊಂಡಳು. ಇವತ್ತಿನದು ತಂದಿರಲಿಲ್ಲ.