ಹಳೇ ರೇಟು

ವೆಂಕಟಸುಬ್ಬಯ್ಯನವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಸರ್ಕಾರಿ ಕಾರ್ಖಾನೆಯ ಖರೀದಿ ಆಫೀಸರು ಅವರು. ಕಳೆದ ಸಲ ಕೊಂಡ ರೇಟೇ ನ್ಯಾಯವಾದ ರೇಟು ಎಂಬುದು ಆ ವಿಭಾಗದ ಪದ್ಧತಿ, ಅವರಿಗಂತೂ ವೇದವಾಕ್ಯ.

ಅವರ ಹಟಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಪ್ಯಾಕಿಂಗ್ ಪೆಟ್ಟಿಗೆಗೆ ಬೇಡಿಕೆ ಏರಿ ರೇಟು ಹುಚ್ಚಾಪಟ್ಟೆ ಹೋಗಿತ್ತು. ಲಾಭ ಕಂಡು ಪೀಣ್ಯದಲ್ಲಿ ಹೊಸ ಪೆಟ್ಟಿಗೆ ಶೆಡ್ಡುಗಳು ಎದ್ದವು, ರೇಟು ಮತ್ತೆ ಹಳೆಯ ಜಾಗಕ್ಕೇ ಬಂದು ಕೂತಿತು. ಊರಿಗೆಲ್ಲ ಮರ ಮಾರುವ ಮಂಡಿಗಳಿಗೆ ಈ ಪೆಟ್ಟಿಗೆಯವರು ಕೊಳ್ಳುವುದು ಎಷ್ಟರ ಮಹಾ? ಹಲಗೆಯ ಬೆಲೆ ಅಲುಗಲಿಲ್ಲ, ಬಡಗಿಗಳಿಗೂ ಬರವಿರಲಿಲ್ಲ. "ಕಾದರೆ ಹಳೇ ರೇಟು ಬಂದೇ ಬರುತ್ತೆ" ಎಂದು ಸಾಹೇಬರು ಅಂದಿನಿಂದ ಮೀಸೆ ತಿರುವಿಕೊಂಡೇ ಓಡಾಡಿದರು.

ಎಂಬತ್ತರ ದಶಕ ಶುರುವಾದಾಗ ಬೋರ್‌ವೆಲ್ ಪಂಪುಗಳ ಕಾಲ ಬಂತು. ಪಂಪಿನೊಳಗೆ ತಿರುಗುವ ದಂಡಕ್ಕೆ ತೊಡಿಸುವ, ಬಳೆಯಂಥ ಕಂಚಿನ ಬುಷ್‌ಗೆ ಎಲ್ಲರೂ ಮುಗಿಬಿದ್ದರು. ಸಾಹೇಬರ ಕಾರ್ಖಾನೆಗೂ ಅದೇ ಬುಷ್ ಬೇಕಿತ್ತು. ರೇಟು ಹಾರಿತು, ಹೊಸ ಎರಕದ ಕುಲುಮೆಗಳು ಸಾಲಾಗಿ ಎದ್ದವು, ರೇಟು ಇಳಿಯಿತು. ಆದರೆ ಹಳೆಯ ಜಾಗಕ್ಕೆ ಬರಲಿಲ್ಲ, ಮೇಲೆಯೇ ನಿಂತುಬಿಟ್ಟಿತು. ಇಷ್ಟು ಜನ ಪೈಪೋಟಿಗೆ ಬಿದ್ದ ಮೇಲೂ ಇಳಿಯದಿದ್ದರೆ ಇವರೆಲ್ಲ ಒಳಗೊಳಗೇ ಕೈ ಜೋಡಿಸಿದ್ದಾರೆ ಎಂದೇ ಸಾಹೇಬರು ತೀರ್ಮಾನಿಸಿದರು.

ಟೆಂಡರಿನ ಮಾತುಕತೆಗೆ ಕುಲುಮೆಯವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸುವುದು ರೂಢಿ. ಮುಂದಿನ ಕುರ್ಚಿಯಲ್ಲಿ ಮಾಕಳಿಯ ವೆಂಕಟೇಶಪ್ಪ ಇದ್ದರು. ಹೊಲ ಹೋದ ಪರಿಹಾರದ ಹಣದಲ್ಲಿ ಕುಲುಮೆ ಹಾಕಿ, ಅಚ್ಚಿಗೆ ಮರಳು ತುಂಬುವುದನ್ನು ತಾವೇ ಕಲಿತು, ಮೊದಲಿನಿಂದ ಈ ಕಾರ್ಖಾನೆಗೇ ಬುಷ್ ಕೊಡುತ್ತಿದ್ದವರು. ಸಾಹೇಬರ ಸಿಟ್ಟೆಲ್ಲ ಅವರ ಮೇಲೇ ತಿರುಗಿತು.

"ವೆಂಕಟೇಶಪ್ಪನೋರೇ, ಹಳಬರಾದ ನೀವೂ ಈ ಕಳ್ಳರ ಜೊತೆ ಸೇರ್ಕೊಂಡ್ರಲ್ಲ" ಎಂದರು, ಎಲ್ಲರೂ ಕೇಳುವಂತೆ.

ಉಳಿದವರು ಪಂಪಿನ ಕಂಪನಿಗಳಿಗೆ ಮಾರಿಕೊಳ್ಳುತ್ತೇವೆಂದು ಎದ್ದು ಹೋದರು. ವೆಂಕಟೇಶಪ್ಪ ಮಾತ್ರ ಕಳ್ಳನೆನಿಸಿಕೊಳ್ಳಲಾರದೆ, ಹಳೇ ರೇಟಿಗೇ ಒಂದು ವರ್ಷ ಕೊಡುತ್ತೇನೆ ಎಂದು ಸಹಿ ಹಾಕಿದರು. ಸಾಹೇಬರು ಗೆದ್ದೆನೆಂದು ಬೀಗಿದರು. ಮಾತು ಉಳಿಸಿಕೊಂಡ ಮನುಷ್ಯ ವರ್ಷ ತುಂಬಿದ ಮೇಲೆ ಕುಲುಮೆ ಆರಿಸಿ, ಶೆಡ್ಡಿಗೆ ಬೀಗ ಹಾಕಿದ ಸುದ್ದಿ ಬಂತು. ವ್ಯಾಪಾರ ಮಾಡಲು ಬರುವುದಿಲ್ಲ ಪಾಪ ಎಂದು ಸಾಹೇಬರು ಅಂದುಕೊಂಡರು.

ಅವರ ಕಣ್ಣು ತೆರೆದದ್ದು ಯಾರ ಉಪದೇಶದಿಂದಲೂ ಅಲ್ಲ, ತಮ್ಮದೇ ಕಾರ್ಖಾನೆಯ ಹರಾಜಿನಲ್ಲಿ. ಲೇತ್ ಯಂತ್ರಗಳ ಕೆಳಗೆ ಬಿದ್ದ ಕಂಚಿನ ತುರಿಯನ್ನು ಮಾರುವುದೂ ಅವರದೇ ಕೆಲಸ. ಎರಡು ಮೂರು ವರ್ಷಗಳಿಂದ ತುರಿಗೆ ಬೆಲೆ ಏರುತ್ತಲೇ ಇತ್ತು. ಅದಕ್ಕಾಗಿ ಮೇಲಿನವರು ಅವರ ಬೆನ್ನು ತಟ್ಟಿದ್ದರು. ಆ ದಿನ ಕೂಗುತ್ತಿದ್ದವರ ಮುಖಗಳನ್ನು ಅವರು ಸುಮ್ಮನೆ ನೋಡಿದರು. ಎಲ್ಲರೂ ಕುಲುಮೆಯವರು. ಕರಗಿಸಿ ಎರಕ ಹೊಯ್ಯಲು ಇರುವ ಅಷ್ಟೇ ತುರಿಗೆ ಹಳಬರು, ಹೊಸಬರು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಪಕ್ಕದಲ್ಲಿ ಇಬ್ಬರು, ನನ್ನ ಅಚ್ಚಿನವನಿಗೆ ಜಾಸ್ತಿ ಸಂಬಳ ಕೊಟ್ಟು ನೀನು ಕರೆದುಕೊಂಡೆ ಎಂದು ಜಗಳವಾಡುತ್ತಿದ್ದರು. ಪೆಟ್ಟಿಗೆ ಮಾಡುವ ಬಡಗಿ ಬೀದಿಯಲ್ಲಿ ಸಿಗುತ್ತಾನೆ. ಅಚ್ಚಿನವನು ತಯಾರಾಗಲು ವರ್ಷಗಳೇ ಬೇಕು.

ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕುಲುಮೆ ಹೆಚ್ಚಿದಷ್ಟೂ ಕಂಚಿಗೂ ಕಸುಬಿನ ಕೈಗೂ ಬೆಲೆ ಏರಿದೆ. ಹೊಸ ರೇಟಿನಲ್ಲಿ ಯಾರಿಗೂ ಹೆಚ್ಚಿನ ಲಾಭವಿಲ್ಲ, ಖರ್ಚೇ ಅಷ್ಟಾಗಿದೆ. ಒಂದು ಕೈಯಲ್ಲಿ ದುಬಾರಿ ತುರಿ ಮಾರಿ ಶಹಬ್ಬಾಸ್ ಎನ್ನಿಸಿಕೊಂಡು, ಇನ್ನೊಂದು ಕೈಯಲ್ಲಿ ಅದೇ ತುರಿಯ ಬುಷ್ಷನ್ನು ಹಳೇ ರೇಟಿಗೆ ಕೇಳಿದವರು ತಾವೇ. ಕಳ್ಳ ಅಂದದ್ದು ಯಾರನ್ನು? ನಾಚಿಕೆಯಿಂದ ಕಿವಿ ಸುಟ್ಟಿತು. 

ಭಾನುವಾರ ವೆಂಕಟೇಶಪ್ಪನನ್ನು ಹುಡುಕಿಕೊಂಡು ಹೋದರು. ನಲ್ಲಪ್ಪ ಎಂಬ ಬೇರೊಬ್ಬರ ಶೆಡ್ಡಿನಲ್ಲಿ ಅವರು ಕೂಲಿಗೆ ಅಚ್ಚು ಹಾಕುತ್ತಿದ್ದರು. ಹಳೇ ರೇಟಿಗೆ ಕೊಡುವವರು ಸಿಗದೆ, ಈಗ ಕಾರ್ಖಾನೆಗೇ ಹೊಸ ರೇಟಿನಲ್ಲಿ ಹೋಗುವ ಬುಷ್ ಅದು. ಸಾಹೇಬರನ್ನು ಕಂಡೊಡನೆ ವೆಂಕಟೇಶಪ್ಪ ಕೈ ಒರೆಸಿಕೊಂಡು ಸ್ಟೂಲು ತಂದಿಟ್ಟರು. ಸಾಹೇಬರು ಕೂರಲಿಲ್ಲ. ಸುತ್ತ ಕೆಲಸದವರು, ಮಾಲೀಕರು. ಅವರ ನಡುವೆ ಬೇಡವೆಂದು ವೆಂಕಟೇಶಪ್ಪನನ್ನು ಮರಳಿನ ಗುಡ್ಡೆಯ ಹಿಂದೆ ಕರೆದು, ತಪ್ಪು ತಮ್ಮದೆಂದು ಮೆಲ್ಲಗೆ ಹೇಳಿದರು.

ವೆಂಕಟೇಶಪ್ಪ ಕೋಪ ಮಾಡಿಕೊಳ್ಳಲಿಲ್ಲ.

"ನಿಮ್ ಮಾತು ಕೇಳಿ, ಲಾಬ ಒಡ್ದಿದ್ರೆ ಎಲ್ಲಿಟ್ಟಿದ್ದೀಯ ಅಂತ ನಮ್ಮನೇಲೇ ಕೇಳವ್ರೆ ಸಾರ್" ಎಂದರು. ಆಮೇಲೆ, "ಅವತ್ತು ಎಲ್ಲಾರ ಮುಂದೆ ಅಂದ್ರಿ. ಇವತ್ತು ಕಿವೀಲಿ ಏಳ್ತಾ ಇದೀರಿ."

ಕೆಲಸದವರೆಲ್ಲ ಅಲ್ಲೇ ಇದ್ದರು. ವೆಂಕಟಸುಬ್ಬಯ್ಯನವರು ಅವರ ಕಡೆ ತಿರುಗಿ ಬಾಯಿ ತೆರೆದರು. ಧ್ವನಿ ಬರಲಿಲ್ಲ. ವೆಂಕಟೇಶಪ್ಪ ಸ್ವಲ್ಪ ಹೊತ್ತು ಕಾದು ನೋಡಿ, ಅಚ್ಚು ಒಣಗುತ್ತೆ ಎಂದು ಹೇಳಿ ಕೆಲಸಕ್ಕೆ ಹೋದರು.