ಹುಳು ಹಣ್ಣಾಗುವ ವಾರ

ಆರು ತಿಂಗಳ ಹೆರಿಗೆ ರಜೆ ಮುಗಿಸಿ, ಸ್ಕಂದಗಿರಿ ಬೆಟ್ಟವನ್ನೇ ಕಿತ್ತಿಡುವವಳಂತೆ ಶೈಲಜಾ ತಾನು ಕೆಲಸ ಮಾಡುವ ಗಾರ್ಮೆಂಟ್ಸ್ ಕಚೇರಿಗೆ ಬಂದಳು. ಎಚ್‌ಆರ್ ಶೋಭಾರಾಣಿ ಅವಳ ಕೆಲಸದ ಗಂಟೆಗಳನ್ನು ಹಾಳೆಯಲ್ಲಿ ಬರೆದರು: ಮೊದಲ ವಾರ ಇಪ್ಪತ್ತು ಗಂಟೆ, ಆಮೇಲೆ ಮೂವತ್ತು, ನಲವತ್ತು, ನಾಲ್ಕನೇ ವಾರ ಪೂರ್ತಿ ನಲವತ್ತೆಂಟು.

"ಮಗು?"

"ನಮ್ಮತ್ತೆ ಒಂದೇ ಕೈಲಿ ಹತ್ತು ಮಕ್ಕಳನ್ನ ನೋಡ್ಕೊಂತಾರೆ ಮೇಡಂ."

ಸಂಜೆ ಅತ್ತೆ ಕದಿರಮ್ಮ ಹಾಳೆ ನೋಡಿದರು. "ನಾಲ್ಕನೇ ವಾರ ರೇಷ್ಮೆಹುಳು ಹಣ್ಣಾಗ್ತವೆ ಕಣಮ್ಮ. ಅವನ್ನ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಬಿಡ್ತಾ ಮಗೂನ ಎಲ್ಲಿ ಬಿಡ್ಲಿ? ನನ್ನನ್ನ ಒಂದು ಮಾತು ಕೇಳಿದ್ಯಾ?"

ಶೈಲಜಾ ನಾಚಿಕೆಯಿಂದ ಸಾಸಿವೆಯಷ್ಟಾದಳು.

ಮರುದಿನ ಶೋಭಾರಾಣಿಯವರ ಎದುರು ತಲೆ ಎತ್ತಲಿಲ್ಲ. "ಅತ್ತೇನ ಕೇಳ್ದೆ ಹೇಳ್ಬಿಟ್ಟೆ ಮೇಡಂ. ನಾಲ್ಕನೇ ವಾರ ಮೂವತ್ತಕ್ಕೆ ಇಳಿಸಿ, ಹುಳು ಗೂಡು ಕಟ್ಟಿದ್ಮೇಲೆ ಏರಿಸಿ."

ಅವರು ತಿದ್ದಿ, ಸಹಿಗೆ ಪೆನ್ನು ಚಾಚಿದರು.

"ಇವತ್ತು ಬೇಡ ಮೇಡಂ," ಅಂದಳು. "ಮೊದ್ಲು ಅತ್ತೆಗೆ ತೋರಿಸ್ಕೊಂಡು ಬರ್ತೀನಿ."