ಹದಿನೆಂಟನೇ ಪುಟದ ಕ್ರಿಯಾಪದ

ಅವಳ ನಾದಿನಿಯೂ ಅದೇ ಅನುವಾದದ ಆಫೀಸಿನಲ್ಲಿದ್ದುದರಿಂದ ಅಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಈ ಕೆಲಸಕ್ಕೆ ಬರುವ ಮೊದಲು ಅತ್ತಿಗೆ ಹದಿನಾಲ್ಕು ವರ್ಷ ಇಟಾಲಿಯನ್ ಕಲಿಸಿದ್ದಳು. ಒಂದು ಪ್ಯಾರಾದಲ್ಲಿ ಒಂದೇ ಪದ ಎರಡು ಸಲ ಕಂಡರೆ ಕೆಂಪು ಗೆರೆ ಎಳೆದು, ‘ಪದಗಳಿಗೆ ಬರ ಬಂದಿದೆಯೇ?’ ಎಂದು ಪಕ್ಕದಲ್ಲಿ ಬರೆಯುವುದು ಅವಳ ಅಭ್ಯಾಸ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ತಂಗಿಗೂ ಊಟದ ಮೇಜಿನ ಮೇಲೇ ಪಾಠ ಹೇಳಿಕೊಟ್ಟಿದ್ದಳು. ಈಗ ಇಂಗ್ಲಿಷಿನಿಂದ ಇಟಾಲಿಯನ್ನಿಗೆ ಅತ್ತಿಗೆ ಅನುವಾದಿಸಿದ್ದನ್ನು ಪರಿಶೀಲಿಸುವುದು ಆ ನಾದಿನಿಯ ಕೆಲಸ.

ಆ ಸಲ ಬಂದದ್ದು ಮನೆಯಲ್ಲೇ ರಕ್ತದೊತ್ತಡ ನೋಡಿಕೊಳ್ಳುವ ಯಂತ್ರದ ಕೈಪಿಡಿ. ಅರವತ್ತನಾಲ್ಕು ಪುಟ. ಜೊತೆಗೆ ಕಂಪನಿಯವರದೊಂದು ಪದಪಟ್ಟಿ: ಇಂಗ್ಲಿಷಿನ ಈ ಪದಕ್ಕೆ ಇಟಾಲಿಯನ್ನಿನಲ್ಲಿ ಇದೊಂದೇ ಪದ. ಸೂಚನೆಗಳೆಲ್ಲ ಒಂದೇ ಅಚ್ಚಿನಲ್ಲಿ, ಕ್ರಿಯಾಪದದ ಮೂಲರೂಪದಲ್ಲೇ ಇರಬೇಕು. ಒತ್ತು ಎನ್ನುವ ಕಡೆಯೆಲ್ಲ ‘ಪ್ರೆಮೆರೆ’, ಅಷ್ಟೇ.

ನಾದಿನಿ ಮೂರು ಹಾಳೆ ತುಂಬ ಟಿಪ್ಪಣಿ ಬರೆದುಕೊಂಡು ಬಂದಳು.

“ಅತ್ತಿಗೆ, ಯಂತ್ರಕ್ಕೆ ನೀವು ನಾಲ್ಕು ಹೆಸರು ಇಟ್ಟಿದೀರ. ಪಟ್ಟೀಲಿ ‘ಮಿಸುರಾತೋರೆ’ ಒಂದೇ ಇರೋದು. ಮತ್ತೆ ಕೆಲವು ಕಡೆ ‘ಪ್ರೆಮೆರೆ’, ಕೆಲವು ಕಡೆ ‘ಸಿ ಪ್ರೇಗಾ ದಿ ಪ್ರೆಮೆರೆ’...”

“ದಯವಿಟ್ಟು ಒತ್ತಿ ಅಂದ್ರೆ ಗಂಟೇನು ಹೋಗತ್ತೆ? ಬರೀ ಒತ್ತು, ಹಿಡಿ, ಬಿಡು ಅಂತಿದ್ರೆ ಕವಾಯತು ಮಾಡಿಸಿದ ಹಾಗಿರತ್ತೆ ಕಣೇ.”

“ಪಟ್ಟಿಗೆ ಹೊಂದಲ್ಲ ಅಂತ ಸಾಫ್ಟ್‌ವೇರ್ ನೂರಾ ಹನ್ನೆರಡು ಕಡೆ ಹಳದಿ ಎಚ್ಚರಿಕೆ ತೋರಿಸ್ತಿದೆ. ಅದ್ರಲ್ಲೂ ಹದಿನೆಂಟನೇ ಪುಟ ಒಂದ್ಸಲ...”

“ನಿಂಗೆ ಇಟಾಲಿಯನ್ ಅ ಆ ಇ ಈ ತಿದ್ದಿಸಿದ್ದು ಯಾರು?”

ಅಕ್ಕಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ನಾದಿನಿಯ ಕಿವಿ ಕೆಂಪಾಯಿತು. ಹಾಳೆಗಳನ್ನು ಮಡಚಿ ಎದೆಗವಚಿಕೊಂಡು ತನ್ನ ಜಾಗಕ್ಕೆ ಹೋದಳು. ಅತ್ತಿಗೆ ‘ಎಲ್ಲ ಎಚ್ಚರಿಕೆಗಳನ್ನೂ ಕಡೆಗಣಿಸು’ ಎಂಬ ಗುಂಡಿ ಒತ್ತಿ, “ಪರಿಶೀಲನೆ ಆಯ್ತು ಅಂತ ಗುರುತು ಹಾಕಿಬಿಡೇ” ಎಂದು ಕೂಗಿ ಹೇಳಿದಳು. ನಾದಿನಿ ಹಾಕಿದಳು.

ಅಚ್ಚಿಗೆ ಹೋಗುವ ಮೊದಲು ಕಂಪನಿಯವರು ಕೈಪಿಡಿಯ ಪರೀಕ್ಷೆ ಮಾಡಿಸಿದರು. ಯಂತ್ರವನ್ನೂ ಇಟಾಲಿಯನ್ ಕೈಪಿಡಿಯ ಕರಡನ್ನೂ ಇಟಾಲಿಯನ್ ಮನೆಮಾತಿನ ಕೆಲವರ ಕೈಗೆ ಕೊಟ್ಟು, ಒಂದು ತಿಂಗಳ ಮೇಲೆ ಸಭೆ ಕರೆದರು. ಅತ್ತಿಗೆ, ನಾದಿನಿ, ಅವರ ಮ್ಯಾನೇಜರ್ ಮೂವರೂ ಹೋದರು. ಗಾಜಿನ ಗೋಡೆಯ ಕೋಣೆ. ಮೇಜಿನ ಆ ತುದಿಯಲ್ಲಿ ಹಡಗಿನ ಎಂಜಿನಿಯರಾಗಿ ನಿವೃತ್ತರಾದ ಮುದುಕರೊಬ್ಬರು ಯಂತ್ರವನ್ನು ಕರವಸ್ತ್ರದ ಮೇಲಿಟ್ಟುಕೊಂಡು ಕುಳಿತಿದ್ದರು.

ಅವರು ಇಟಾಲಿಯನ್ನಿನಲ್ಲಿ ನಿಧಾನವಾಗಿ ಹೇಳತೊಡಗಿದರು. ಡಾಕ್ಟರು ಮಾತ್ರೆ ಬದಲಿಸಬೇಕೋ ಬೇಡವೋ ನೋಡಲು ಒಂದು ತಿಂಗಳ ಅಳತೆ ಕೇಳಿದ್ದರಂತೆ. ಇವರು ದಿನಕ್ಕೆರಡು ಸಲ ತಪ್ಪದೆ ಅಳೆದುಕೊಂಡಿದ್ದರು. ಇಪ್ಪತ್ತೆರಡನೇ ದಿನ ಪರದೆ ನಿಂತುಬಿಟ್ಟಿತು. ಇಷ್ಟು ಹೇಳಿ ಕೈಪಿಡಿಯ ಹದಿನೆಂಟನೇ ಪುಟ ತೆಗೆದು ತೋರಿಸಿದರು.

“ಇಲ್ಲಿ ‘ರಿಪ್ರಿಸ್ತಿನಾರೆ’ ಅಂತ ಇದೆ. ಅದು ಹೇಗೆ ಅಂತ ಹುಡುಕಿದೆ. ನಲವತ್ತೊಂದನೇ ಪುಟದಲ್ಲಿತ್ತು. ಎರಡೂ ಗುಂಡಿ ಹತ್ತು ಸೆಕೆಂಡು ಒತ್ತಿ ಹಿಡಿದೆ. ಯಂತ್ರ ಸರಿಹೋಯ್ತು. ಆದ್ರೆ ಅಳತೆಗಳೆಲ್ಲ ಹೋದವು. ನಾನೇ ಏನೋ ತಪ್ಪು ಮಾಡಿದೀನಿ ಅನ್ಸತ್ತೆ.”

ಅತ್ತಿಗೆ ಕರಡನ್ನು ತಿರುವಿದಳು. ಇಂಗ್ಲಿಷಿನಲ್ಲಿ ಆ ಪುಟದಲ್ಲಿ ಮೂರು ಸಲವೂ ಇದ್ದದ್ದು ‘ರೀಸ್ಟಾರ್ಟ್’. ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡು ಎಂದಷ್ಟೇ. ಪಟ್ಟಿಯಲ್ಲಿ ಅದಕ್ಕೆ ‘ರಿಯಾವ್ವಿಯಾರೆ’ ಎಂದಿತ್ತು. ಎರಡು ಸಲ ಅವಳು ಅದನ್ನೇ ಬರೆದಿದ್ದಳು. ಮೂರನೇ ಸಲ ಕಿವಿಗೆ ಒರಟೆನಿಸಿ ‘ರಿಪ್ರಿಸ್ತಿನಾರೆ’ ಮಾಡಿದ್ದಳು. ಈ ಕೈಪಿಡಿಯಲ್ಲಿ ಅದರ ಅರ್ಥ, ನೆನಪೆಲ್ಲ ಅಳಿಸಿ ಯಂತ್ರವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸು.

ಅವಳ ಬೆರಳು ಆ ಪದದ ಮೇಲೇ ನಿಂತಿತು.

“ಇದನ್ನ ಪರಿಶೀಲನೆ ಮಾಡಿದ್ದು ಯಾರು?” ಕಂಪನಿಯ ಹೆಂಗಸು ಕೇಳಿದಳು.

ತಪ್ಪು ತನ್ನದೆಂದು ಆಗಲೇ ಹೇಳಿಬಿಡಬಹುದಿತ್ತು. ಅತ್ತಿಗೆಯ ಬಾಯಿಂದ ಬಂದದ್ದು ಬೇರೆಯೇ: “ಪರಿಶೀಲನೆ ಆಗಿಯೇ ನಿಮ್ಮ ಹತ್ರ ಬಂದಿದ್ದು.”

ನಾದಿನಿ ಅವಳ ಕಡೆ ತಿರುಗಲಿಲ್ಲ. “ನಾನು ಮೇಡಂ,” ಎಂದಳು.

“ನಾಳೆಯಿಂದ ಈ ಕೆಲಸಕ್ಕೆ ಬೇರೆ ಪರಿಶೀಲಕರನ್ನ ಹಾಕಿ,” ಎಂದು ಆ ಹೆಂಗಸು ಮ್ಯಾನೇಜರಿಗೆ ಹೇಳಿ ಮುಂದಿನ ವಿಷಯಕ್ಕೆ ಹೋದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕಪಕ್ಕ ಸೀಟು ಸಿಕ್ಕಿತು. ನಾದಿನಿ ಕಿಟಕಿಯಾಚೆ ನೋಡುತ್ತಿದ್ದಳು. ಬೈದಿದ್ದರೆ, ಅತ್ತಿದ್ದರೆ ಅತ್ತಿಗೆಗೆ ಎಷ್ಟೋ ಹಗುರಾಗುತ್ತಿತ್ತು. ಊಟಕ್ಕೆ ಕೂತಾಗ ಗಂಡ ಇಬ್ಬರ ಮುಖವನ್ನೂ ನೋಡಿ, “ಏನಾಯ್ತು ನಿಮ್ಗೆ? ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡಿದೀರ,” ಎಂದ.

“ಏನಿಲ್ಲ ಅಣ್ಣ, ತಲೆನೋವು,” ಎಂದಳು ನಾದಿನಿ. ಎದ್ದು ಅತ್ತಿಗೆಯ ತಟ್ಟೆಯನ್ನೂ ತಾನೇ ತೊಳೆದಿಟ್ಟಳು. ಅತ್ತಿಗೆಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮರುದಿನ ಬೆಳಿಗ್ಗೆ ಚೀಲ ಇಳಿಸುವ ಮೊದಲೇ ಅವಳು ಮ್ಯಾನೇಜರ್ ಕೋಣೆಗೆ ಹೋದಳು. “ಸರ್, ಅವಳು ಎಚ್ಚರಿಸಿದ್ಲು. ಹದಿನೆಂಟನೇ ಪುಟ ಅಂತ ಬಾಯಿಬಿಟ್ಟು ಹೇಳಿದ್ಲು. ನಾನೇ ಜೋರು ಮಾಡಿ ಬಾಯಿ ಮುಚ್ಚಿಸಿದೆ. ನಿನ್ನೆ ಅಲ್ಲಿ ಸುಮ್ನಿದ್ದಿದ್ದೂ ನಾನೇ.”

ಮ್ಯಾನೇಜರ್ ತನ್ನ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಯಾವ ಎಚ್ಚರಿಕೆಯನ್ನು ಯಾರು ಯಾವಾಗ ತಳ್ಳಿಹಾಕಿದರೆಂದು ಸಾಫ್ಟ್‌ವೇರ್ ಬರೆದಿಟ್ಟುಕೊಂಡಿತ್ತು. ನೂರಾ ಹನ್ನೆರಡು ಸಾಲು, ಎಲ್ಲದರ ಮುಂದೆಯೂ ಅವಳ ಹೆಸರು.

“ನಿನ್ನೆ ಬಂದ ತಕ್ಷಣ ನೋಡ್ದೆ ಅತ್ತಿಗೆ. ನೀವಾಗೇ ಬಂದು ಹೇಳ್ಲಿ ಅಂತ ಕಾದೆ. ನಾನೂ ಆ ಕೋಣೇಲಿ ಬಾಯಿ ತೆಗೀಲಿಲ್ವಲ್ಲ, ನಿಮ್ಮನ್ನ ಏನನ್ಲಿ?”

ಅವನು ಕಂಪನಿಗೆ ಪತ್ರ ಬರೆದ. ಪತ್ರದಲ್ಲಿ ತಪ್ಪು ಯಾರದೆಂದು ಒಂದೂ ಬಿಡದೆ ಬರೆಯುವಂತೆ ಅತ್ತಿಗೆಯೇ ನಿಂತು ಹೇಳಿದಳು. ಎರಡು ದಿನದ ಮೇಲೆ ಉತ್ತರ ಬಂತು: ಕೈಪಿಡಿಯನ್ನು ಮೊದಲಿಂದ ತಿದ್ದಬೇಕು, ನಾದಿನಿ ಸರಿ ಎಂದ ಮೇಲಷ್ಟೇ ಅದು ಹೊರಗೆ ಹೋಗಬೇಕು.

ಅತ್ತಿಗೆ ಮುದುಕರಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು. ಅವರು ನಕ್ಕರು. “ಅಳತೆಗಳು ಹೋದ್ರೆ ಹೋಗ್ಲಿ ಬಿಡಮ್ಮ, ಮತ್ತೆ ಶುರು ಮಾಡಿದೀನಿ. ಡಾಕ್ಟ್ರು ಕಾಯ್ತೀನಿ ಅಂದಿದಾರೆ. ಆದ್ರೆ ಒಂದು ಮಾತು. ಕೆಲವು ಕಡೆ ‘ಒತ್ತಬೇಕಾಗಿ ಕೋರಿಕೆ’ ಅಂತ ಬರ್ದಿದೀರ. ಕೋರಿಕೆ ತಾನೆ, ಇಷ್ಟ ಇದ್ರೆ ಮಾಡೋದು ಅಂದ್ಕೊಂಡು ಅದನ್ನೆಲ್ಲ ಬಿಟ್ಟುಬಿಟ್ಟೆ.”

ಅವಳು ಸಭ್ಯತೆ ಎಂದುಕೊಂಡಿದ್ದನ್ನು ಕೈಪಿಡಿ ನೆಚ್ಚಿದವರು ಹಾಗೆ ಓದಿದ್ದರು.

ಫೋನ್ ಇಟ್ಟು ತಿದ್ದಲು ಹಿಡಿದಳು. ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಸಾಲು. ಯಂತ್ರ ಎಲ್ಲೆಲ್ಲಿ ಬಂತೋ ಅಲ್ಲೆಲ್ಲ ‘ಮಿಸುರಾತೋರೆ’. ಒತ್ತು ಎಂದಲ್ಲೆಲ್ಲ ‘ಪ್ರೆಮೆರೆ’. ಹದಿನೆಂಟನೇ ಪುಟದಲ್ಲಿ ‘ರಿಯಾವ್ವಿಯಾರೆ’, ‘ರಿಯಾವ್ವಿಯಾರೆ’, ಮತ್ತೆ ‘ರಿಯಾವ್ವಿಯಾರೆ’. ಹಳದಿ ಬಣ್ಣ ಒಂದೊಂದಾಗಿ ಆರುತ್ತ ಬಂತು. ನಾದಿನಿ ಆರು ಪುಟ ವಾಪಸ್ ಕಳಿಸಿದಳು. ಅತ್ತಿಗೆ ಎದುರಾಡದೆ ತಿದ್ದಿಕೊಟ್ಟಳು.

ಕೊನೆಯ ಪುಟ ಒಪ್ಪಿಗೆಯಾದ ಸಂಜೆ ಅವಳು ನಾದಿನಿಯ ಮೇಜಿನ ಹತ್ತಿರ ಹೋಗಿ, “ತಪ್ಪಾಯ್ತು ಕಣೇ. ಅವತ್ತು ನಾನು ಬಾಯಿ ಬಿಡಬೇಕಿತ್ತು,” ಎಂದಳು.

“ಹೂಂ ಅತ್ತಿಗೆ, ಬಿಡಬೇಕಿತ್ತು,” ಎಂದಳು ನಾದಿನಿ. ಸಿಟ್ಟಿರಲಿಲ್ಲ. ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು, “ಬನ್ನಿ, ಬಸ್ ಹೋಗತ್ತೆ,” ಎಂದಳು.

ಕೈಪಿಡಿ ಅಚ್ಚಾಯಿತು. ಮುಂದಿನ ಕೆಲಸದ ಪರಿಶೀಲನೆಯೂ ನಾದಿನಿಯ ಕೈಗೇ ಬಂತು. ಮನೆಯಲ್ಲಿ ಮಾತು, ನಗು ಎಲ್ಲ ಮೊದಲಿನ ಹಾಗೇ ಆಯಿತು. ಆದರೆ ಮೊದಲೆಲ್ಲ ಒಂದು ಪದ ತಿಳಿಯದಿದ್ದರೆ “ಅತ್ತಿಗೆ, ಇದೇನಿದು?” ಎಂದು ಕುರ್ಚಿ ಎಳೆದುಕೊಂಡು ಬರುತ್ತಿದ್ದವಳು, ಈಗ ನಿಘಂಟು ತೆಗೆಯುತ್ತಾಳೆ. ಪುಟ ತಿರುವುವ ಸದ್ದು ಕೇಳಿದಾಗಲೆಲ್ಲ ಅತ್ತಿಗೆ ತಲೆ ತಗ್ಗಿಸಿ ತನ್ನ ಕೆಲಸ ಮುಂದುವರಿಸುತ್ತಾಳೆ.